ನಾಲ್ಕು ಪಿನ್‌ಗಳ ಸರಾಸರಿ: ಉದ್ಯಮಬಾಗ ಗುಂಪಿನ ಪ್ರಶ್ನೋತ್ತರ

ಇನ್‌ಸ್ಪೆಕ್ಟರ್, ಉದ್ಯಮಬಾಗ: ಸರ್, ನಮ್ಮಲ್ಲಿ ಎರಡು ಸಿಎನ್‌ಸಿ ಲೇತ್‌ಗಳ ಮೇಲೆ 25 ಮಿ.ಮೀ. ವ್ಯಾಸದ ಒಂದೇ ಪಿನ್ ತಯಾರಾಗುತ್ತದೆ. ಗಂಟೆಗೊಮ್ಮೆ ಒಂದೊಂದು ಯಂತ್ರದಿಂದ ಎರಡೆರಡು ಪಿನ್ ಅಳೆದು, ನಾಲ್ಕರ ಸರಾಸರಿಯನ್ನು ಕಂಟ್ರೋಲ್ ಚಾರ್ಟ್‌ನಲ್ಲಿ ಗುರುತಿಸುತ್ತೇನೆ. ನಾಲ್ಕರಲ್ಲಿ ದೊಡ್ಡ, ಚಿಕ್ಕ ಅಳತೆಗಳ ಅಂತರ, ಅಂದರೆ ರೇಂಜ್‌ನ ಸರಾಸರಿ 14 ಮೈಕ್ರಾನ್. 30 ಚುಕ್ಕಿಗಳೂ ನಡುಗೆರೆಯ ಪಕ್ಕದಲ್ಲೇ ಇವೆ. ಎಲ್ಲ ಉತ್ತಮವಾಗಿದೆ ಎಂದು ವರದಿ ಕೊಡಬಹುದೇ?

ಗುಣಮಟ್ಟ ಇಂಜಿನಿಯರ್: ದಯವಿಟ್ಟು ಆ ವರದಿಯನ್ನು ತಡೆಯಿರಿ. ನಾಲ್ಕರ ಗುಂಪಿಗೆ ನಿಗದಿಯಾದ ಸ್ಥಿರಾಂಕ 0.729ರಿಂದ 14ನ್ನು ಗುಣಿಸಿದರೆ ಮಿತಿಗಳು ನಡುಗೆರೆಯಿಂದ ಸುಮಾರು 10 ಮೈಕ್ರಾನ್ ದೂರ ಬೀಳುತ್ತವೆ. ಆರೋಗ್ಯವಂತ ಪ್ರಕ್ರಿಯೆಯ ಚುಕ್ಕಿಗಳು ಆ ಅಗಲದಲ್ಲಿ ಹರಡಿಕೊಳ್ಳಬೇಕು. ಎಲ್ಲವೂ ನಡುವೆಯೇ ಕುಳಿತರೆ ಮಿತಿಗಳೇ ಹಿಗ್ಗಿವೆ ಎಂದರ್ಥ. ಎರಡೂ ಯಂತ್ರಗಳ ಅಳತೆಗಳನ್ನು ಬೇರೆ ಬೇರೆ ಬರೆದು ತಿಳಿಸಿ.

ಇನ್‌ಸ್ಪೆಕ್ಟರ್: ಮೊದಲನೆಯದು ಸರಾಸರಿ 25.002, ಎರಡನೆಯದು 25.014. ಒಂದೇ ಯಂತ್ರದ ಸತತ ನಾಲ್ಕು ಪಿನ್‌ಗಳ ರೇಂಜ್ ಸುಮಾರು 4 ಮೈಕ್ರಾನ್.

ಗುಣಮಟ್ಟ ಇಂಜಿನಿಯರ್: ಹಾಗಾದರೆ ನಿಮ್ಮ 14 ಮೈಕ್ರಾನ್‌ನಲ್ಲಿ 12 ಮೈಕ್ರಾನ್ ಎರಡು ಯಂತ್ರಗಳ ನಡುವಿನ ಅಂತರವೇ ಆಗಿದೆ. ನಾಳೆ ಎರಡನೇ ಯಂತ್ರ 6 ಮೈಕ್ರಾನ್ ಮೇಲಕ್ಕೆ ಸರಿದರೂ ನಿಮ್ಮ ಸರಾಸರಿ 3 ಮಾತ್ರ ಏರುತ್ತದೆ. ರೇಂಜ್ 20ಕ್ಕೆ ಹೋದರೂ ಅದರ ಮೇಲ್ಮಿತಿ 32 ಇರುವುದರಿಂದ ಚಾರ್ಟ್ ಸುಮ್ಮನಿರುತ್ತದೆ. ಯಂತ್ರಕ್ಕೊಂದು ಚಾರ್ಟ್ ಇಟ್ಟು, ಸತತ ನಾಲ್ಕು ಪಿನ್ ಅಳೆದರೆ ಮಿತಿಗಳು 3 ಮೈಕ್ರಾನ್‌ಗೆ ಇಳಿಯುತ್ತವೆ, ಅದೇ 6 ಅಲ್ಲಿ ತಕ್ಷಣ ಕಾಣುತ್ತದೆ. ಇಂಥದೇ ಚಾರ್ಟನ್ನು ನಾನೊಮ್ಮೆ ಮೆಚ್ಚಿ ಸಹಿ ಮಾಡಿದ್ದೆ. ಎರಡು ವಾರದ ನಂತರ ಪಿನ್‌ಗಳು ರಿಂಗ್ ಗೇಜಿನಲ್ಲಿ ಅರ್ಧಕ್ಕೇ ಸಿಕ್ಕಿಕೊಂಡವು.

ಫೌಂಡ್ರಿ ಸದಸ್ಯ, ಮಚ್ಛೆ: ನಮ್ಮ ಮರಳಿನ ತೇವಾಂಶದ ಅಳತೆ ದಿನಕ್ಕೆ ಒಂದೇ ಸಿಗುತ್ತದೆ. ರೇಂಜ್ ಹೇಗೆ ತೆಗೆಯಬೇಕು?

ಹೊಸ ಸದಸ್ಯ: ಡ್ರಾಯಿಂಗ್‌ನ ಟಾಲರೆನ್ಸ್ ಗೆರೆಗಳನ್ನೇ ಮಿತಿಗಳಾಗಿ ಎಳೆದರೆ ಸಾಲದೇ?

ಗುಣಮಟ್ಟ ಇಂಜಿನಿಯರ್: ಸಾಲದು. ಈ ವಾರ ಮೂರನೇ ಬಾರಿ ಹೇಳುತ್ತಿದ್ದೇನೆ.

ಸೂಪರ್‌ವೈಸರ್: ಫಾರ್ವರ್ಡ್ ಆಗಿ ಬಂದ ಉಪಾಯ: ಚುಕ್ಕಿ ನಡುಗೆರೆಯಿಂದ ಸರಿದಷ್ಟೇ ಯಂತ್ರದ ಟೂಲ್ ಆಫ್‌ಸೆಟ್ ತಿದ್ದಬೇಕು.

ಗುಣಮಟ್ಟ ಇಂಜಿನಿಯರ್: ಇದನ್ನು ಯಾರೂ ಪಾಲಿಸಬೇಡಿ. ಸ್ಥಿರವಾಗಿರುವ ಯಂತ್ರವನ್ನು ಪ್ರತಿ ಬಾರಿ ಹೀಗೆ ತಿದ್ದಿದರೆ ಚದುರಿಕೆ ಸುಮಾರು 1.4 ಪಟ್ಟು ಹೆಚ್ಚುತ್ತದೆ.

ಸೂಪರ್‌ವೈಸರ್: ಲೋಹ ಕತ್ತರಿಸುವ ಇನ್ಸರ್ಟ್ ಸವೆಯುತ್ತ ಪಿನ್ನಿನ ವ್ಯಾಸ ಏರುವುದು ಸುಳ್ಳೇ? ಇಪ್ಪತ್ತು ವರ್ಷದಿಂದ ತಿದ್ದುತ್ತಲೇ ಬಂದಿದ್ದೇನೆ.

ಟೂಲ್‌ರೂಮ್ ಸದಸ್ಯ: ಸವೆತ ನಿಜ, ಆದರೆ ಅದು ಏರಿಕೆಯಾಗಿ ಕಾಣಬೇಕು. ಒಂದು ಚುಕ್ಕಿಯನ್ನೇ ನೋಡಿ ಆಫ್‌ಸೆಟ್ ಮುಟ್ಟುವುದು ಅನುಭವವಲ್ಲ.

ಸೂಪರ್‌ವೈಸರ್: ಏರಿಕೆ ಕಾಣುವವರೆಗೆ ಕೆಟ್ಟ ಮಾಲಿನ ಲೆಕ್ಕ ನೀವು ಕೊಡುತ್ತೀರಾ?

ಟೂಲ್‌ರೂಮ್ ಸದಸ್ಯ: ನಿಮ್ಮ ಪಾಳಿಯ ರಿಜೆಕ್ಷನ್ ಲೆಕ್ಕವನ್ನು ಮೊದಲು ಇಲ್ಲಿ ಹಾಕಿ.

ಗುಣಮಟ್ಟ ಇಂಜಿನಿಯರ್: ಇಬ್ಬರೂ ನಿಲ್ಲಿಸಿ. ಸವೆತವಿರುವ ಕಡೆ ಎಷ್ಟು ಪಿನ್‌ಗಳಿಗೊಮ್ಮೆ ತಿದ್ದಬೇಕೆಂಬುದನ್ನು ನಿಮ್ಮ ಇನ್ಸರ್ಟಿನ ಅಳತೆಗಳೇ ಹೇಳಬೇಕು. ಅವನ್ನು ಇಬ್ಬರೂ ತಂದಿಲ್ಲ.

ಇನ್‌ಸ್ಪೆಕ್ಟರ್: ಸರ್, ಚಾರ್ಟ್ ಬೇರೆ ಮಾಡಿದ್ದೇನೆ. ಎರಡನೇ ಯಂತ್ರದ ಆರನೇ ಚುಕ್ಕಿ ಮೇಲ್ಮಿತಿಯನ್ನು ದಾಟಿದೆ.

ಗುಣಮಟ್ಟ ಇಂಜಿನಿಯರ್: ಆಫ್‌ಸೆಟ್ ಮುಟ್ಟುವ ಮೊದಲು ಇನ್ಸರ್ಟ್ ಬಿಚ್ಚಿ ಅದರ ಅಂಚನ್ನು ನೋಡಿ, ಚಾರ್ಟ್ ಮೇಲೆ ಸಮಯ ಬರೆಯಿರಿ.

ಫೌಂಡ್ರಿ ಸದಸ್ಯ: ನನ್ನ ಮರಳಿನ ಪ್ರಶ್ನೆ ಹಾಗೇ ಉಳಿಯಿತು.