ನೈಟ್ ಡ್ಯೂಟಿ: ಮಧ್ಯದಲ್ಲೇ ಎದ್ದು ಹೋದರೂ ಕೆಡದ ಆಟ ಯಾವುದು?

ರಾತ್ರಿ ಲ್ಯಾಬ್: ಆಸ್ಪತ್ರೆ ಲ್ಯಾಬ್‌ನಲ್ಲಿ ನೈಟ್ ಡ್ಯೂಟಿ. ಬಿಡುವು ಅಂತ ಸಿಗೋದು ಐದು-ಹತ್ತು ನಿಮಿಷ, ಎಮರ್ಜೆನ್ಸಿಯಿಂದ ಸ್ಯಾಂಪಲ್ ಬಂತು ಅಂದ್ರೆ ಅದೂ ಅಲ್ಲಿಗೇ ಮುಗೀತು. ರೀಲ್ಸ್ ಸಾಕಾಗಿದೆ, ತಲೆ ಓಡಿಸೋ ಆಟ ಬೇಕು. ಗಂಟೆ ಬಿಟ್ಟು ಬಂದರೂ ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದಲೇ ಶುರು ಮಾಡೋ ಹಾಗಿರಬೇಕು. ಬೇಸ್‌ಮೆಂಟ್, ನೆಟ್ ಅಷ್ಟಕ್ಕಷ್ಟೆ. ಆಡಿ ಗೊತ್ತಿರೋರು ಹೇಳಿ.

ಕುದುರೆ ನಡೆ: ಲಿಚೆಸ್ ಅನ್ನೋ ಆನ್‌ಲೈನ್ ಚೆಸ್ ತಾಣದಲ್ಲಿ ದಿನಗಟ್ಟಲೆ ನಡೆಯುವ ಚೆಸ್. ಹೊಸ ಆಟ ತೆರೆಯುವಾಗ `Correspondence` ಆರಿಸಿದರೆ ಒಂದು ನಡೆಗೆ 1, 2, 3, 5, 7, 10 ಅಥವಾ 14 ದಿನ ಇಟ್ಟುಕೊಳ್ಳಬಹುದು. ಶಿಫ್ಟ್ ಬದಲಾಗುತ್ತಾ ಇರುವವರು 1 ದಿನದ್ದನ್ನು ಮುಟ್ಟಲೇಬಾರದು. ವಾರದ ರಜೆಯಲ್ಲಿ ಊರಿಗೆ ಹೋದಿರಿ, ಮರೆತಿರಿ, ಗೆಲ್ಲುತ್ತಿದ್ದ ಆಟವೂ ಟೈಮ್ ಮುಗಿದು ಸೋಲಾಗುತ್ತದೆ, ರೇಟಿಂಗೂ ಇಳಿಯುತ್ತದೆ. 3 ದಿನ ಸರಿ. 14 ದಿನ ಇನ್ನೊಂದು ಶಿಕ್ಷೆ, ಯಾಕೆಂದರೆ ಸೋಲುತ್ತಿರುವವನು ಆಟ ಬಿಟ್ಟುಕೊಡದೆ ಸುಮ್ಮನೆ ಕೂತುಬಿಡುತ್ತಾನೆ, ನೀವು ಎರಡು ವಾರ ಕಾಯಬೇಕು. ಒಮ್ಮೆಗೆ ಮೂರು ಆಟಕ್ಕಿಂತ ಹೆಚ್ಚು ತೆರೆಯಬೇಡಿ.

ಎಲ್ಲರೂ ಎಡವೋದು ನಡೆ ಖಚಿತಪಡಿಸುವ ಗುಂಡಿಯಲ್ಲಿ. ಸೆಟ್ಟಿಂಗ್ಸ್‌ನಲ್ಲಿ `Move confirmation` ಆನ್ ಇದ್ದರೆ ಕಾಯಿ ಸರಿಸಿದ ಮೇಲೆ ಟಿಕ್ ಒತ್ತಬೇಕು. ಕಾಯಿ ಸರಿಸಿ, ಅಷ್ಟರಲ್ಲಿ ಯಾರೋ ಕರೆದರು ಅಂತ ಫೋನ್ ಜೇಬಿಗೆ ಹಾಕಿದರೆ ನಡೆ ಹೋಗಿರೋದೇ ಇಲ್ಲ. ಆಡಿದೀನಿ ಅನ್ನೋ ನಂಬಿಕೆಯಲ್ಲಿ ನೀವಿರ್ತೀರಿ, ಗಡಿಯಾರ ನಿಮ್ಮ ಕಡೆಯೇ ಓಡ್ತಿರುತ್ತೆ. ಹಾಗಂತ ಅದನ್ನು ಆಫ್ ಮಾಡಬೇಡಿ, ಅವಸರದಲ್ಲಿ ಬೆರಳು ಜಾರಿ ರಾಣಿಯನ್ನೇ ಕಳಕೊಳ್ತೀರಿ. ಆಟದ ಪಟ್ಟಿಗೆ ಹಿಂದಿರುಗಿ ಸರದಿ ಎದುರಾಳಿಯದು ಅಂತ ಕಂಡ ಮೇಲಷ್ಟೇ ಫೋನ್ ಮುಚ್ಚಿ.

ಪುತ್ತೂರಿನ ಅಕ್ಕ: ಚೆಸ್ಸು, ಫೋನು ಬಿಟ್ಟರೆ ಬೇರೆ ಗೊತ್ತೇ ಇಲ್ಲವಾ ನಿಮಗೆ? ಚೆನ್ನೆಮಣೆ ಇದೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ. ಮಂಜಟ್ಟಿ ಸಿಗದಿದ್ದರೆ ಹುಣಸೆ ಬೀಜ ತೊಳೆದು ಒಣಗಿಸಿಟ್ಟುಕೊಂಡರೆ ಆಯಿತು. ಚಾರ್ಜ್ ಬೇಡ, ನೆಟ್ ಬೇಡ. ಮಣೆಯ ಮೇಲೆ ಬಟ್ಟೆ ಮುಚ್ಚಿ ಎದ್ದು ಹೋಗಿ, ಬೆಳಿಗ್ಗೆ ಬಂದರೂ ಆಟ ಅಲ್ಲೇ ಇರ್ತದೆ.

ಕುದುರೆ ನಡೆ: ಅಕ್ಕಾ, ಸರದಿ ಮುಗಿದ ಮೇಲೆ ಎದ್ದರೆ ಇರುತ್ತೆ. ಸರದಿಯ ನಡುವೆ ಎದ್ದರೆ? ಒಂದು ಗುಳಿ ಎತ್ತಿ ಹಂಚಿದ ಮೇಲೆ ಮುಂದಿನ ಗುಳಿ ಎತ್ತಿ ಮತ್ತೆ ಹಂಚಬೇಕು. ಖಾಲಿ ಗುಳಿ ಎದುರಾಗುವ ತನಕ ಸರದಿ ನಿಲ್ಲುವುದಿಲ್ಲ, ಒಂದೊಂದು ಸಲ ಮಣೆಯನ್ನೇ ಸುತ್ತಿ ಬರುತ್ತೆ. ಕೈಯಲ್ಲಿ ಮೂರು ಬೀಜ ಇರುವಾಗ ಬೆಲ್ ಆಯ್ತು ಅಂದ್ರೆ ಎಲ್ಲಿಗೆ ಹಾಕ್ತೀರಿ? ಯಾವ ಗುಳಿ ತನಕ ಹಂಚಿದ್ದು ಅಂತ ಮಣೆ ಹೇಳಲ್ಲ. ಇವರು ಕೇಳಿರೋದೇ ಅಂಥ ಜಾಗದಲ್ಲಿ ಕೆಡದ ಆಟ.

ಪುತ್ತೂರಿನ ಅಕ್ಕ: ಆಡದವರು ಮಾತಾಡುವುದು ಹೀಗೇ. ಕೈಯಲ್ಲಿ ಉಳಿದ ಬೀಜವನ್ನು ಒಂದು ಬಾಟ್ಲಿ ಮುಚ್ಚಳಕ್ಕೆ ಹಾಕಿ, ಮುಂದೆ ಯಾವ ಗುಳಿಗೆ ಬೀಳಬೇಕೋ ಅದರ ಪಕ್ಕಕ್ಕೆ ಇಡಬೇಕು. ವಾಪಸ್ ಬಂದು ಮುಚ್ಚಳದಿಂದ ಎತ್ತಿ ಮುಂದುವರಿಸುವುದು. ಕೈಯಲ್ಲಿ ಎಷ್ಟು, ಎಲ್ಲಿಗೆ, ಎರಡೂ ಅಲ್ಲೇ ಕಾಣ್ತದೆ. ಆಟದಲ್ಲಿ ಗೆದ್ದು ತೆಗೆದ ಬೀಜಕ್ಕೆ ಬೇರೆ ಬಟ್ಟಲು ಇರಬೇಕು, ಅದನ್ನೂ ಇದನ್ನೂ ಬೆರೆಸಿದರೆ ಮಾತ್ರ ಹೋಯಿತು.

ಐಸಿಯು ಸಿಸ್ಟರ್: ಮಣೆಯಾಗಲಿ ಫೋನಾಗಲಿ, ಲ್ಯಾಬ್ ಬೆಂಚಿನ ಮೇಲೆ ಬರಕೂಡದು. ಗ್ಲೌಸ್ ಹಾಕಿಕೊಂಡೇ ಸ್ಕ್ರೀನ್ ಒತ್ತಿ, ಅದೇ ಫೋನನ್ನು ಊಟದ ಟೇಬಲ್ ಮೇಲಿಟ್ಟು, ಮನೆಗೆ ಹೋಗಿ ಮಗುವಿನ ಕೈಗೆ ಕೊಡುವವರಿದ್ದಾರೆ. ಗ್ಲೌಸ್ ತೆಗೆದು, ಸೋಪು ಹಾಕಿ ಕೈ ತೊಳೆದು, ಬೆಂಚಿನ ಜಾಗದಿಂದ ಆಚೆ ಬಂದು ಆಮೇಲೆ ಆಟ. ವಾಪಸ್ ಹೋಗುವಾಗ ಹೊಸ ಗ್ಲೌಸ್. ಹೋಗಿ ಬರೋದು, ತೊಳೆಯೋದು ಎಲ್ಲ ಕಳೆದರೆ ಹತ್ತು ನಿಮಿಷದಲ್ಲಿ ಉಳಿಯೋದು ಆರೋ ಏಳೋ. ಆ ಆರು ನಿಮಿಷಕ್ಕೆ ಹೊಂದುವ ಆಟ ಹೇಳಿ.

ಸೀಸದ ಕಡ್ಡಿ: ಬೇಸ್‌ಮೆಂಟ್, ನೆಟ್ ಇಲ್ಲ ಅಂತ ಬರೆದಿದ್ದಾರೆ, ಅದನ್ನು ಓದಿದೋರು ಯಾರೂ ಇಲ್ಲ! ಸೈಮನ್ ಟ್ಯಾಥಮ್ ಅವರ ಪಜಲ್ ಸಂಗ್ರಹ ಹಾಕಿಕೊಳ್ಳಿ. ಪುಕ್ಕಟೆ, ಜಾಹೀರಾತಿಲ್ಲ, ನೆಟ್ ಬೇಕಿಲ್ಲ. ಆ್ಯಪ್ ಮುಚ್ಚಿ ತೆರೆದರೆ ಬಿಟ್ಟಲ್ಲೇ ಇರುತ್ತೆ, ಹಿಂದಕ್ಕೆ ಎಷ್ಟು ನಡೆ ಬೇಕಾದರೂ ಹೋಗಬಹುದು. ಸುಡೋಕು ಬೇಕಿದ್ದರೆ ಅದರಲ್ಲಿ `Solo` ಅಂತ ಇದೆ. `Mines` ಕೂಡ ಒಳ್ಳೇದು, ಊಹೆ ಮಾಡದೆ ತರ್ಕದಿಂದಲೇ ಬಿಡಿಸಬಹುದಾದ ಹಾಗೆ ಹೆಣೆದು ಕೊಡುತ್ತೆ. ಆದರೆ ಅದರಲ್ಲಿ ಗಡಿಯಾರ ಓಡುತ್ತೆ, ಅದನ್ನು ನೋಡಿ ಅವಸರಪಟ್ಟರೆ ಕೆಟ್ಟಿತು.

ಸುಡೋಕು ನಡುವೆ ಎದ್ದರೆ ಕೆಡೋದು ಒಂದೇ ಕಡೆ. ಮನೆಯೊಳಗೆ ಸಣ್ಣಕ್ಷರದಲ್ಲಿ ಸಾಧ್ಯ ಅಂಕಿಗಳನ್ನು ಬರೆದುಕೊಂಡಿರ್ತೀರಲ್ಲ, ಒಂದು ಮನೆಗೆ 7 ಖಚಿತ ಅಂತ ಬರೆದ ಕೂಡಲೇ ಅದರ ಅಡ್ಡಸಾಲು, ಉದ್ದಸಾಲು, ಚೌಕ ಸೇರಿ ಇನ್ನುಳಿದ 20 ಮನೆಗಳಲ್ಲಿ ಇರೋ ಸಣ್ಣ 7 ಎಲ್ಲ ಅಳಿಸಬೇಕು. ಅರ್ಧ ಅಳಿಸಿ ಎದ್ದರೆ ವಾಪಸ್ ಬಂದಾಗ ಉಳಿದ ಸಣ್ಣ 7 ಇನ್ನೂ ಸಾಧ್ಯ ಅಂತ ನಂಬಿಬಿಡ್ತೀರಿ. ತಪ್ಪು ಕಾಣೋದು ಇಪ್ಪತ್ತು ಅಂಕಿ ಆದ ಮೇಲೆ, ಎಲ್ಲಿ ಶುರುವಾಯ್ತು ಅಂತ ಹುಡುಕೋಕಾಗಲ್ಲ. ಹಾಗಾಗಿ ಕಾಗದದ ಮೇಲೆ ಆಡುವವರು ಹೊಸ ಅಂಕಿಯ ಪಕ್ಕ ಒಂದು ಚುಕ್ಕಿ ಇಡಿ, ಪೂರ್ತಿ ಅಳಿಸಿದ ಮೇಲಷ್ಟೇ ಚುಕ್ಕಿ ತೆಗೆಯಿರಿ. ಚುಕ್ಕಿ ಇದೆ ಅಂದ್ರೆ ಅಳಿಸೋದು ಬಾಕಿ. ಪೆನ್ನಲ್ಲಿ ಆಡೋರ ಹತ್ತಿರ ಈ ಮಾತು ಆಡಿ ಪ್ರಯೋಜನ ಇಲ್ಲ.

ಹಳೇ ಅಂಚೆ: ದಿನಗಟ್ಟಲೆಯ ಚೆಸ್ ಅಂದ್ರೆ ನಮ್ಮ ಕಾಲದಲ್ಲಿ ಕಾರ್ಡಿನ ಮೇಲೆ ನಡೆ ಬರೆದು ಅಂಚೆಗೆ ಹಾಕೋದು. ಆಸ್ಟ್ರೇಲಿಯಾದ ಸೆಸಿಲ್ ಪರ್ಡಿ 1953ರಲ್ಲಿ ಅಂಚೆ ಚೆಸ್ಸಿನ ಮೊದಲ ವಿಶ್ವ ಚಾಂಪಿಯನ್ ಆದರು. ಈಗ ಅದರಲ್ಲಿ ಒಳ್ಳೆಯ ನಡೆ ಹುಡುಕಿಕೊಡುವ ಕಂಪ್ಯೂಟರ್ ಇಂಜಿನ್ ಹಾಕಿ ನೋಡಲು ಅನುಮತಿ ಇದೆ. ತಲೆ ಕೆಡಿಸಿಕೊಳ್ಳಬೇಡಿ ತಮ್ಮಾ, ಕಷ್ಟದ ಜಾಗದಲ್ಲಿ ಇಂಜಿನ್ ಕೇಳಿ ಆಡಿ, ಐದು ನಿಮಿಷದಲ್ಲಿ ಮುಗಿಯುತ್ತದೆ.

ಕುದುರೆ ನಡೆ: ಸರ್, ದಯವಿಟ್ಟು ಹೊಸಬರಿಗೆ ಹೀಗೆ ಹೇಳಬೇಡಿ. ನೀವು ಹೇಳ್ತಿರೋದು ಅಂಚೆ ಚೆಸ್ಸಿನ ಅಂತರರಾಷ್ಟ್ರೀಯ ಸಂಸ್ಥೆ ಐಸಿಸಿಎಫ್ ಪಂದ್ಯಗಳ ನಿಯಮ, ಅಲ್ಲಿ ಇಂಜಿನ್‌ಗೆ ಅನುಮತಿ ಇದೆ. ಲಿಚೆಸ್‌ನಲ್ಲಿ ಇಲ್ಲ. ಆರಂಭದ ನಡೆಗಳಿಗೆ ಪುಸ್ತಕ ನೋಡಬಹುದು, ಅವರದೇ ಓಪನಿಂಗ್ ಪಟ್ಟಿ ನೋಡಬಹುದು. ಇಂಜಿನ್ ಹಾಕಿ ಸಿಕ್ಕಿಬಿದ್ದರೆ ಖಾತೆಗೆ ಮೋಸಗಾರ ಅಂತ ಗುರುತು ಬೀಳುತ್ತೆ.

ಹಳೇ ಅಂಚೆ: ಮೋಸ ಅನ್ನೋ ಮಾತು ಬೇಡ. ಎರಡೂ ಕಡೆಯವರು ಒಪ್ಪಿ ಆಡಿದರೆ ಅದು ಮೋಸ ಹೇಗಾಗುತ್ತದೆ?

ಕುದುರೆ ನಡೆ: ಎದುರಿಗಿರೋನು ಒಪ್ಪಿರೋದು ಲಿಚೆಸ್ ನಿಯಮಕ್ಕೆ, ನಿಮ್ಮ ನಿಯಮಕ್ಕಲ್ಲ. ಅಲ್ಲದೆ ತಲೆ ಓಡಿಸೋಕೆ ಆಟ ಕೇಳಿದವರಿಗೆ ಇಂಜಿನ್ ಕೈಗೆ ಕೊಟ್ಟರೆ ಏನು ಬಂತು?

ಸೀಸದ ಕಡ್ಡಿ: ನಿಮ್ಮಿಬ್ಬರ ಜಗಳದಲ್ಲಿ ಬೇಸ್‌ಮೆಂಟ್ ಮತ್ತೆ ಮರೆತುಹೋಯ್ತು.

ಕುದುರೆ ನಡೆ: ಮರೆತಿಲ್ಲ. ನಡೆ ಕಳಿಸೋಕೆ ಬೇಕಿರೋದು ಕೆಲವೇ ಸೆಕೆಂಡಿನ ನೆಟ್. ವಾರ್ಡಿಗೆ ರಿಪೋರ್ಟ್ ಕೊಡೋಕೆ ಮೇಲೆ ಹೋಗ್ತಾರಲ್ಲ, ಆಗ ಕಳಿಸಬಹುದು. ಯೋಚನೆ ಕೆಳಗೆ, ಸಣ್ಣ ಅಯಸ್ಕಾಂತದ ಬೋರ್ಡ್ ಮೇಲೆ. ಯೋಚಿಸುತ್ತಾ ಕಾಯಿ ಸರಿಸಿದ್ದರೆ ಏಳುವ ಮೊದಲು ಮೂಲ ಸ್ಥಾನಕ್ಕೆ ಇಟ್ಟುಬಿಡಬೇಕು. ಇಲ್ಲದಿದ್ದರೆ ಇಲ್ಲದ ಆಟಕ್ಕೆ ಉತ್ತರ ಹುಡುಕ್ತೀರಿ.

ಇನ್ನೆರಡು ಇವರಿಗೆ ಉಪಯೋಗಕ್ಕೆ ಬರುತ್ತೆ. ಆಟದ ಪುಟದಲ್ಲಿ `Notes` ಇದೆ, ನಿಮಗೆ ಮಾತ್ರ ಕಾಣುತ್ತೆ. ಏಳುವ ಮೊದಲು ಒಂದು ಸಾಲು ಬರೆಯಿರಿ. ಇನ್ನೊಂದು `Conditional premoves`, ಬ್ರೌಸರ್‌ನಲ್ಲಿ ಅನಾಲಿಸಿಸ್ ಬೋರ್ಡ್ ತೆರೆದರೆ ಸಿಗುತ್ತೆ. ಅವನು ಹೀಗೆ ಆಡಿದರೆ ನಾನು ಹೀಗೆ ಅಂತ ಮೊದಲೇ ಬರೆದಿಟ್ಟರೆ, ನೀವು ಸ್ಯಾಂಪಲ್ ನೋಡುವಾಗ ನಡೆ ತಾನಾಗಿ ಹೋಗುತ್ತೆ. ಉದಾಹರಣೆಗೆ ನೀವು ಬಿಳಿ:

```
1. e4 e5  2. Nf3 Nc6  3. Bb5 a6  4. Bxc6
```

ಒಂಟೆಯಿಂದ ಕುದುರೆ ಹೊಡೆದಿರಿ. ಅವನು d ಸಾಲಿನ ಕಾಲಾಳಿನಿಂದ `dxc6` ಹೊಡೆದರೆ `O-O`, ಅಂದ್ರೆ ಕೋಟೆ ಕಟ್ಟೋದು, ಅಂತ ಬರೆದಿಡಿ. ಯಾಕೆಂದರೆ ಸುಸ್ತಾಗಿ ವಾಪಸ್ ಬಂದವರ ಕಣ್ಣಿಗೆ ಮೊದಲು ಬೀಳೋದು e5 ಮೇಲೆ ಕಾವಲಿಲ್ಲದೆ ನಿಂತ ಕಾಲಾಳು. `Nxe5` ತಿಂದರೆ ಅವನು `Qd4` ಇಡ್ತಾನೆ, ರಾಣಿ ನಿಮ್ಮ ಕುದುರೆಯನ್ನೂ e4 ಕಾಲಾಳನ್ನೂ ಒಟ್ಟಿಗೆ ಹಿಡಿಯುತ್ತೆ. ಕುದುರೆ ಉಳಿಸಿಕೊಂಡರೆ `Qxe4+`, ತಿಂದದ್ದು ವಾಪಸ್. ನೀವು `Qe2` ಅಡ್ಡ ಇಟ್ಟು ರಾಣಿಗಳು ಬದಲಾದರೆ ನಿಮ್ಮ ರಾಜನೇ ಹೊಡೆಯಬೇಕು, ಕೋಟೆ ಕಟ್ಟೋದು ತಪ್ಪಿತು, ಅವನ ಎರಡೂ ಒಂಟೆ ಹಾಗೇ ಉಳಿದವು.

ಐಸಿಯು ಸಿಸ್ಟರ್: ಆರು ನಿಮಿಷಕ್ಕೆ ಇಷ್ಟೆಲ್ಲಾ ಬೇಕಾ?

ಕುದುರೆ ನಡೆ: ಒಂದು ಬಿಡುವಿಗೆ ಒಂದೇ ಪ್ರಶ್ನೆ ಸಾಕು ಸಿಸ್ಟರ್. ಈ ಬಿಡುವಲ್ಲಿ ಅವನು ಏನು ಹೆದರಿಸ್ತಿದಾನೆ ನೋಡಿ, ಬರೆದಿಡಿ. ಮುಂದಿನದರಲ್ಲಿ ನಡೆ ಆರಿಸಿ. ಆರಿಸಿದ ಬಿಡುವಲ್ಲೇ ಕಳಿಸಬೇಕಂತೇನಿಲ್ಲ.

ರಾತ್ರಿ ಲ್ಯಾಬ್: ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್ ಹೇಳಿದ ಹಾಗೆ ಬೆಂಚಿನಿಂದ ಆಚೆ, ಸ್ಟೋರ್ ಪಕ್ಕದ ಕುರ್ಚಿಗೆ ಜಾಗ ಬದಲಾಯಿಸಿದೆ. ಸುಡೋಕು ನೆಟ್ ಇಲ್ಲದ ರಾತ್ರಿಗೆ ಇಟ್ಟುಕೊಂಡಿದೀನಿ, ಆದರೆ ಮನಸ್ಸು ಹೋಗಿರೋದು ಚೆಸ್ ಕಡೆ. ಎದುರಾಳಿ ಯಾವುದೋ ದೇಶದಲ್ಲಿ ಯಾವಾಗಲೋ ಆಡಿರ್ತಾನೆ, ನಾನು ಸ್ಯಾಂಪಲ್ ಮುಗಿಸಿ ಬಂದು ನೋಡ್ತೀನಿ, ಯಾರಿಗೂ ಯಾರೂ ಕಾಯೋ ಹಾಗಿಲ್ಲ. 3 ದಿನದ ಆಟ, ನೀವು ಬರೆದ ಸಾಲೇ ಬಂತು. `dxc6` ಗೆ `O-O` ಬರೆದಿಟ್ಟು, ನೋಟ್ಸ್‌ನಲ್ಲಿ "e5 ತಿನ್ನಬೇಡ" ಅಂತ ಹಾಕಿದ್ದೆ. ಅವನು ಇನ್ನೊಂದು ಕಾಲಾಳಿನಿಂದ `bxc6` ಹೊಡೆದ. ಬರೆದಿಟ್ಟ ನಡೆ ಹೋಗಿಲ್ಲ, ಸರದಿ ನನ್ನದೇ ಇದೆ. ಈಗಲೂ e5 ಬಿಡಬೇಕಾ?

ಹಳೇ ಅಂಚೆ: ಬಿಡು ತಮ್ಮಾ, ಕೋಟೆ ಕಟ್ಟು. ಅದೇ ಕ್ಷೇಮ.

ಸೀಸದ ಕಡ್ಡಿ: ನಡೀತಿರೋ ಆಟದಲ್ಲಿ ಹೊರಗಿನವರು ಹೇಳಿಕೊಡೋದೂ ಇಂಜಿನ್ ನೋಡೋದೂ ಬೇರೆ ಬೇರೆನಾ? ಈಗಷ್ಟೇ ನಿಯಮ ಓದಿಸಿದವರು ಉತ್ತರ ಕೊಡಲಿ.

ಕುದುರೆ ನಡೆ: ಅದು ಸರಿ, ನಡೀತಿರೋ ಆಟಕ್ಕೆ ನಡೆ ಹೇಳಿಕೊಡೋದೂ ತಪ್ಪೇ. ಅಂಚೆ ಸರ್, ನೀವೂ ಹೇಳಬಾರದಿತ್ತು. ಇದು ಆರಂಭದ ನಡೆ, ಲಿಚೆಸ್‌ನ ಓಪನಿಂಗ್ ಪಟ್ಟಿ ತೆರೆದು ನೀವೇ ನೋಡಬಹುದು, ಅದಕ್ಕೆ ಅಡ್ಡಿಯಿಲ್ಲ. ನಿಮ್ಮ ನೋಟ್ಸ್ ಬಗ್ಗೆ ಮಾತ್ರ ಹೇಳ್ತೀನಿ. "ತಿನ್ನಬೇಡ" ಅಂತ ಬರೆದಿದೀರಿ, ಯಾಕೆ ಅಂತ ಬರೆದಿಲ್ಲ. `Qd4` ಬರುತ್ತೆ ಅಂತ ಬರೆದಿದ್ದರೆ, ಬೋರ್ಡ್ ನೋಡಿದ ಕೂಡಲೇ d7 ಕಾಲಾಳು ಇನ್ನೂ ಅಲ್ಲೇ ಇದೆಯಾ, ರಾಣಿಗೆ d4ಗೆ ಬರೋ ದಾರಿ ಇದೆಯಾ ಅಂತ ಕಣ್ಣು ಹೋಗ್ತಿತ್ತು.

ರಾತ್ರಿ ಲ್ಯಾಬ್: ನೋಡಿದೆ. ನೋಟ್ಸ್ ತಿದ್ದಿದೀನಿ. ಎಮರ್ಜೆನ್ಸಿಯಿಂದ ಫೋನ್ ಬರ್ತಿದೆ, ನಡೆ ಆಮೇಲೆ.