ಪದಚರ್ಚೆ: ಪಿಕಳಾರದ ‘ಕೆಂಪು ಕಿಬ್ಬೊಟ್ಟೆ’ ನಿಜಕ್ಕೂ ಎಲ್ಲಿದೆ?

ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಗೋಡೆಗೆ ಹಾಕಲು ‘ನಮ್ಮ ಕೈತೋಟದ ಹಕ್ಕಿಗಳು’ ಅಂತ ಒಂದು ಚಿತ್ರಪಟ ಮಾಡುತ್ತಿದ್ದೇನೆ. ಫೋಟೋಗಳೆಲ್ಲ ನಮ್ಮ ಮನೆಯ ಹಿಂದಿನ ಗಸಗಸೆ ಹಣ್ಣಿನ ಮರ ಮತ್ತು ದಾಸವಾಳದ ಬೇಲಿಯಲ್ಲಿ ತೆಗೆದವು. ಪಿಕಳಾರ, ಅಂದರೆ ಬುಲ್‌ಬುಲ್, ಎರಡು ಬಗೆಯವು ಬರುತ್ತವೆ. ಅವುಗಳ ಕೆಳಗೆ ಎರಡೆರಡು ಸಾಲು ಬರೆಯಲು ಕೂತು ಮೂರು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ತಲೆಯ ಮೇಲಿನದು. ಜುಟ್ಟು ಅನ್ನಬೇಕೋ, ತುರಾಯಿ ಅನ್ನಬೇಕೋ? ಎರಡನೆಯದು ಕಣ್ಣಿನ ಹಿಂದಿನ ಕೆಂಪು ಮಚ್ಚೆ. ಎಲ್ಲರೂ ‘ಕೆಮ್ಮೀಸೆ ಪಿಕಳಾರ’ ಅಂತ ಬರೆಯುತ್ತಾರೆ. ಆದರೆ ಆರನೇ ತರಗತಿಯ ಹುಡುಗಿಯೊಬ್ಬಳು ಫೋಟೋ ನೋಡಿ, ‘ಮಿಸ್, ಮೀಸೆ ಕೆಂಪಗಿಲ್ವಲ್ಲಾ, ಕಪ್ಪಗಿದೆ’ ಅಂದಳು. ಕೊಕ್ಕಿನ ಬುಡದಿಂದ ಬಿಳಿ ಕೆನ್ನೆಯ ಅಂಚಿಗೆ ಇಳಿಯುವ ತೆಳ್ಳಗಿನ ಕಪ್ಪು ಗೆರೆಯನ್ನು ಅವಳು ಮೀಸೆ ಅಂದುಕೊಂಡಿದ್ದಳು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಅಂತ ನನಗೂ ಅನ್ನಿಸಿತು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಇನ್ನೊಂದು ಹಕ್ಕಿಯನ್ನು ಕೆಲವರು ‘ಕೆಂಪು ಕಿಬ್ಬೊಟ್ಟೆಯ ಪಿಕಳಾರ’ ಅನ್ನುತ್ತಾರೆ, ಕೆಲವರು ‘ಕೆಂಪು ಪೃಷ್ಠದ’ ಅನ್ನುತ್ತಾರೆ. ಫೋಟೋದಲ್ಲಿ ಕೆಂಪು ಇರುವುದು ಬಾಲದ ಕೆಳಗೆ. ಅದಕ್ಕೆ ಕನ್ನಡದಲ್ಲಿ ಮಕ್ಕಳ ಮುಂದೆ ಸಂಕೋಚವಿಲ್ಲದೆ ಹೇಳುವಂಥ ಒಂದು ಸರಿಯಾದ ಪದ ಬೇಕು.

ಜೊತೆಗೆ ಒಂದು ಫೋಟೋ ಯಾವುದರದ್ದು ಅಂತಲೇ ತಿಳಿಯುತ್ತಿಲ್ಲ. ಜುಟ್ಟು ಗಿಡ್ಡ. ಕೆನ್ನೆಯಲ್ಲಿ ಕೆಂಪು ಇಲ್ಲ. ಬಾಲದ ಕೆಳಗೆ ಕೆಂಪೂ ಅಲ್ಲದ, ಹಳದಿಯೂ ಅಲ್ಲದ ಮಂಕು ಬಣ್ಣ. ಕಿಬ್ಬೊಟ್ಟೆಯದು ಅಂತ ಬರೆದುಬಿಡಲೇ?

ಧಾರವಾಡದಿಂದ

ಮೇಡಂ, ತುರಾಯಿ ಬೇಡ. ತುರಾಯಿ ಅಂದರೆ ರುಮಾಲಿಗೆ ಸಿಕ್ಕಿಸುವುದು, ಹೊರಗಿನಿಂದ ಬಂದದ್ದು. ಇದು ಹಕ್ಕಿಯ ಸ್ವಂತದ್ದು. ಜುಟ್ಟು ಅನ್ನಿ, ನಮ್ಮ ಕಡೆ ಚೆಂಡಿಕೆ ಅಂತಲೂ ಅಂತೀವಿ.

ಇನ್ನು ಮೀಸೆಯ ವಿಷಯ. ‘ಕೆಂಪು ಗಲ್ಲದ ಪಿಕಳಾರ’ ಅಂತ ಯಾಕೆ ಬರೆಯಬಾರದು? ಸುಮ್ನೆ ಮೀಸೆ ಅಂತ ಗೊಂದಲ ಮಾಡುವುದಕ್ಕಿಂತ ಅದೇ ಲೇಸು. ಕಿಬ್ಬೊಟ್ಟೆ ಮಾತ್ರ ಸರಿಯಾಗೇ ಇದೆ. ಹೊಟ್ಟೆಯ ಕೆಳಭಾಗ ಕಿಬ್ಬೊಟ್ಟೆ, ಬಾಲದ ಬುಡದವರೆಗೂ ಅದೇ ತಾನೆ? ಒಂದಕ್ಕೆ ಗಲ್ಲ ಕೆಂಪು, ಇನ್ನೊಂದಕ್ಕೆ ಕಿಬ್ಬೊಟ್ಟೆ ಕೆಂಪು. ಇಷ್ಟು ಬರೆದರೆ ಮಕ್ಕಳು ತಟ್ಟನೆ ಗುರುತು ಹಿಡಿಯುತ್ತಾರೆ.

ಜೈಪುರದಿಂದ

ನಾನು ಕೆಲಸದ ಮೇಲೆ ಇಲ್ಲಿಗೆ ಬಂದು ಆರು ವರ್ಷವಾಯಿತು. ನಮ್ಮ ಅಂಗಳಕ್ಕೆ ಬರುವ ಬುಲ್‌ಬುಲ್‌ಗೆ ಬಾಲದ ಕೆಳಗೆ ಅಪ್ಪಟ ಅರಿಶಿನದ ಬಣ್ಣ. ತಲೆ ಕಪ್ಪು, ಕೆನ್ನೆ ದೊಡ್ಡದಾಗಿ ಬೆಳ್ಳಗೆ. ಜುಟ್ಟು ಕಂಡೇ ಇಲ್ಲ. ಶಿವಮೊಗ್ಗದ ನಮ್ಮ ಮನೆಯಲ್ಲಿ ನೋಡಿದ ಪಿಕಳಾರವೇ ಇಲ್ಲಿನ ಬಿಸಿಲಿಗೆ ಬಣ್ಣ ಕಳೆದುಕೊಂಡು ಹೀಗಾಗಿದೆ ಅಂದುಕೊಂಡಿದ್ದೆ. ಮೇಡಂ ಅವರ ಮೂರನೇ ಫೋಟೋದಲ್ಲಿ ಮಂಕು ಬಣ್ಣ ಇರುವುದೂ ಹಾಗೇ ಇರಬಹುದಲ್ವಾ?

ತೀರ್ಥಹಳ್ಳಿಯಿಂದ

ಮೊದಲು ಧಾರವಾಡದ ಗೆಳೆಯರಿಗೆ. ಗಲ್ಲ ನಿಮಗೆ ಕೆನ್ನೆ. ಮೈಸೂರಿನ ಮಕ್ಕಳಿಗೆ ಗಲ್ಲ ಅಂದರೆ ತುಟಿಯ ಕೆಳಗಿನದು, ನೀವು ಗದ್ದ ಅನ್ನುವುದು. ‘ಕೆಂಪು ಗಲ್ಲ’ ಅಂತ ಬರೆದರೆ ಅವರು ಕೊಕ್ಕಿನ ಕೆಳಗೆ ಕೆಂಪು ಹುಡುಕುತ್ತಾ ಕೂರುತ್ತಾರೆ. ಅಲ್ಲಿ ಇರುವುದು ಬರೀ ಬಿಳಿ. ಎಲ್ಲ ಕಡೆಗೂ ಹೊಂದುವುದು ‘ಕೆನ್ನೆ’.

ಆದರೆ ಮೀಸೆ ಅಂದವರು ಕಣ್ಣುಮುಚ್ಚಿ ಅಂದದ್ದಲ್ಲ. ಈ ಹಕ್ಕಿಯನ್ನು ಹತ್ತಿರದಿಂದ ನೋಡಿ. ಕಣ್ಣಿನ ಹಿಂದೆ, ಸ್ವಲ್ಪ ಕೆಳಗೆ, ಕೂದಲಿನಂಥ ಕೆಂಪು ಗರಿಗಳ ಒಂದು ಚಿಕ್ಕ ಕುಚ್ಚು ಇರುತ್ತದೆ. ಅದರ ಕೆಳಗೆ ಬಿಳಿ ಕೆನ್ನೆ, ಬಿಳಿಯ ಕೆಳಗೆ ಆ ಹುಡುಗಿ ಕಂಡ ಕಪ್ಪು ಗೆರೆ. ಇಂಗ್ಲಿಷಿನವರು ಆ ಕುಚ್ಚಿಗೆ ಕೊಟ್ಟ ಹೆಸರು ಮೂಗಿನ ಕೆಳಗಿನ ಮೀಸೆಯದ್ದಲ್ಲ, ಗಂಡಸರು ಕಿವಿಯ ಮುಂದೆ ಕೆನ್ನೆಗೆ ಬಿಟ್ಟುಕೊಳ್ಳುವ ಕೂದಲಿನದ್ದು. ಕನ್ನಡಕ್ಕೆ ಬರುವಾಗ ಅದು ಬರೀ ಮೀಸೆಯಾಯಿತು. ತಮಿಳಿನಲ್ಲೂ ‘ಸೆಮ್ಮೀಸೈ’ ಅಂತಲೇ ಇದೆ. ಹೆಸರು ಊರಿಬಿಟ್ಟಿದೆ, ಕೀಳುವುದು ಬೇಡ. ಹೆಸರು ಕೆಮ್ಮೀಸೆ ಇರಲಿ, ವಿವರಣೆಯಲ್ಲಿ ‘ಕಣ್ಣಿನ ಹಿಂದೆ ಕೆಂಪು ಮಚ್ಚೆ’ ಅಂತ ಬರೆಯಿರಿ.

ಈಗ ಕಿಬ್ಬೊಟ್ಟೆ. ಇದು ಸರಿಯಿಲ್ಲ ಅಂತ ಬಹಳ ವರ್ಷದಿಂದ ನನಗೆ ಅನ್ನಿಸುತ್ತಿದೆ. ಆ ಹಕ್ಕಿಯ ಎದೆ ಮಾಸಲು ಕಂದು. ಗರಿಗಳ ಅಂಚು ಬಿಳಿಚಿರುವುದರಿಂದ ಮೀನಿನ ಹುರುಪೆಯ ಹಾಗೆ ಕಾಣುತ್ತದೆ. ಕೆಳಗೆ ಇಳಿದಂತೆ ಬಣ್ಣ ತಿಳಿಯಾಗಿ, ನಿಜವಾದ ಕಿಬ್ಬೊಟ್ಟೆ ಇರುವ ಜಾಗ ಹೆಚ್ಚುಕಡಿಮೆ ಬಿಳಿಯೇ. ಅದು ಮುಗಿದ ಮೇಲೆ, ಬಾಲದ ಗರಿಗಳ ಬುಡವನ್ನು ಕೆಳಗಿನಿಂದ ಮುಚ್ಚುವ ಸಣ್ಣ ಗರಿಗಳು ಮಾತ್ರ ಕೆಂಪು.

ಪೃಷ್ಠ ಅಂದರೆ ಇನ್ನೂ ಕೆಡುತ್ತದೆ. ಪೃಷ್ಠ ಅಂದಾಗ ಯಾರಾದರೂ ಬಾಲದ ಮೇಲುಗಡೆ, ಬೆನ್ನು ಮುಗಿಯುವ ಕಡೆ ನೋಡುತ್ತಾರೆ. ಈ ಹಕ್ಕಿಗೆ ಅಲ್ಲಿ ಇರುವುದು ಎದ್ದು ಕಾಣುವ ಬಿಳಿ ಪಟ್ಟೆ. ತಂತಿಯಿಂದ ಹಾರಿದಾಗ ಆ ಬಿಳಿಯೇ ಮೊದಲು ಕಣ್ಣಿಗೆ ಬೀಳುವುದು. ಅಂದರೆ ನಾವು ಬಳಸುತ್ತಿರುವ ಎರಡು ಹೆಸರುಗಳೂ ಕೆಂಪು ಅಂತ ಹೇಳಿ ಬಿಳಿಯ ಕಡೆಗೆ ಬೆರಳು ತೋರಿಸುತ್ತಿವೆ. ‘ಬಾಲದಡಿ’ ಅನ್ನಿ ಅಂತ ನನ್ನ ಸಲಹೆ. ನಾಲ್ಕೇ ಅಕ್ಷರ, ಸಂಕೋಚವಿಲ್ಲ, ಜಾಗವೂ ಖಚಿತ.

ಹಾಗಂತ ಬಾಲದಡಿ ಕೆಂಪಾಗಿದೆ ಅಂದಮಾತ್ರಕ್ಕೆ ಹಕ್ಕಿ ಯಾವುದು ಅಂತ ಗೊತ್ತಾಗುವುದಿಲ್ಲ. ಕೆಮ್ಮೀಸೆಗೂ ಬಾಲದಡಿ ಕೆಂಪೇ! ಹೆಸರಿನಲ್ಲೇ ಒಂದಕ್ಕೆ ಕೆಂಪು ಕೊಟ್ಟು ಇನ್ನೊಂದಕ್ಕೆ ಕೊಡದಿರುವುದರಿಂದ ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಮಡಿಕೇರಿಯ ಗುಂಪಿನಲ್ಲೂ ಮೈಸೂರಿನ ಗುಂಪಿನಲ್ಲೂ ಕೆಳಗಿನಿಂದ ತೆಗೆದ ಕೆಮ್ಮೀಸೆಯ ಫೋಟೋಗೆ ‘ಕೆಂಪು ಕಿಬ್ಬೊಟ್ಟೆ’ ಅಂತ ಬರೆದದ್ದನ್ನು ಎಷ್ಟೋ ಸಲ ತಿದ್ದಿದ್ದೇನೆ. ನೋಡಬೇಕಾದ್ದು ಎದೆ. ಕೆಮ್ಮೀಸೆಯದು ಬಿಳಿ ಎದೆ, ಭುಜದ ಕಡೆಯಿಂದ ಎದೆಗೆ ಇಳಿಯುವ ಕಂದು ಪಟ್ಟಿ ಇರುತ್ತದೆ. ಇನ್ನೊಂದರದು ಹುರುಪೆ ಹುರುಪೆಯ ಕಂದು ಎದೆ.

ಜೈಪುರದವರೇ, ನಿಮ್ಮದು ಬಿಸಿಲಿಗೆ ಮಾಸಿದ್ದಲ್ಲ, ಜಾತಿಯೇ ಬೇರೆ. ಬಿಳಿ ಕಿವಿಯ ಪಿಕಳಾರ ಅನ್ನಬಹುದು. ನಿಮ್ಮ ಕಡೆಯ ಒಣನಾಡಿನದು, ನಮ್ಮಲ್ಲಿಲ್ಲ. ರಜೆಗೆ ಮಸೂರಿಯ ಕಡೆ ಹೋದರೆ ಅದರ ದಾಯಾದಿ ಸಿಗುತ್ತದೆ. ಅದಕ್ಕೂ ಬಿಳಿ ಕೆನ್ನೆ, ಬಾಲದಡಿ ಹಳದಿ. ಆದರೆ ಮುಂದಕ್ಕೆ ಬಾಗಿದ ಉದ್ದ ಜುಟ್ಟು ಇರುತ್ತದೆ. ನಮ್ಮ ತೋಟಗಳಲ್ಲಿ ಬಾಲದಡಿ ಹಳದಿ ಕಂಡರೆ ಬಿಳಿ ಹುಬ್ಬಿನ ಪಿಕಳಾರವೇ ಅಂತ ಮೊದಲು ನೋಡಿ. ಅದಕ್ಕೆ ಜುಟ್ಟಿಲ್ಲ, ಪೊದೆಯೊಳಗೆ ಅಡಗಿ ಜೋರಾಗಿ ಕೂಗುತ್ತದೆ.

ಮೇಡಂ, ಮೂರನೇ ಫೋಟೋ ನೋಡಿದೆ. ಕಿಬ್ಬೊಟ್ಟೆಯದು ಅಂತ ಬರೆಯಬೇಡಿ. ಜುಟ್ಟನ್ನು ಪಕ್ಕಕ್ಕಿಡಿ. ಹೆದರಿದಾಗ ಏಳುತ್ತದೆ, ಒದ್ದೆಯಾದಾಗ ಮಲಗುತ್ತದೆ, ಮರಿಗೆ ಇನ್ನೂ ಬೆಳೆದೇ ಇರುವುದಿಲ್ಲ. ಕೆನ್ನೆ ನೋಡಿ. ಕೆಂಪು ಇಲ್ಲ ನಿಜ, ಆದರೆ ಬಿಳಿ ಇದೆ, ಬಿಳಿಯ ಕೆಳಗೆ ಕಪ್ಪು ಗೆರೆ ಇದೆ. ಎದೆ ಬಿಳಿ. ಇದು ಗೂಡು ಬಿಟ್ಟು ಹೊರಬಂದ ಕೆಮ್ಮೀಸೆಯ ಮರಿ. ಮರಿಗೆ ಕಣ್ಣಿನ ಹಿಂದಿನ ಕೆಂಪು ಬಂದಿರುವುದಿಲ್ಲ, ಬಾಲದಡಿ ಕಿತ್ತಳೆ ಬೆರೆತ ಕಂದು. ಸಂಜೆಯ ಬೆಳಕಿಗೆ ಹಾಗೆ ಕಾಣುತ್ತಿದೆಯೇ ಅಂತಲೂ ಯೋಚಿಸಿದೆ. ಆದರೆ ಅದೇ ಫೋಟೋದಲ್ಲಿ ಎದೆಯ ಬಿಳಿ ಬಿಳಿಯಾಗೇ ಇದೆ. ಬೆಳಕು ಮೋಸ ಮಾಡಿದ್ದರೆ ಅದೂ ಹಳದಿಗೆ ತಿರುಗಿರಬೇಕಿತ್ತು.

ಕಾಸರಗೋಡಿನಿಂದ

ಜುಟ್ಟಿನ ಬಗ್ಗೆ ಒಂದು ಮಾತು. ನಮ್ಮ ಸುತ್ತಮುತ್ತ ಮಲಯಾಳ ಮಾತಾಡುವವರು ಕೆಮ್ಮೀಸೆಯನ್ನು ‘ಇರಟ್ಟತ್ತಲಚ್ಚಿ’ ಅನ್ನುತ್ತಾರೆ, ಎರಡು ತಲೆಯವಳು ಅಂತ. ಜುಟ್ಟು ಅಷ್ಟು ಎತ್ತರವಾಗಿ, ಚೂಪಾಗಿ ನಿಲ್ಲುವುದರಿಂದ ತಲೆಯ ಮೇಲೆ ಇನ್ನೊಂದು ತಲೆ. ಮೀಸೆಯ ಗೋಜಿಗೇ ಅವರು ಹೋಗಿಲ್ಲ. ದೂರದಿಂದ ನೋಡಿ ಇಟ್ಟ ಹೆಸರು ಅದು. ದೂರಕ್ಕೆ ಕೆಂಪು ಕಾಣುವುದಿಲ್ಲ, ಜುಟ್ಟು ಕಾಣುತ್ತದೆ.

ಆದ್ದರಿಂದ ತೀರ್ಥಹಳ್ಳಿಯವರು ಜುಟ್ಟನ್ನು ಪಕ್ಕಕ್ಕಿಡಿ ಅಂದದ್ದನ್ನು ನಾನು ಪೂರ್ತಿ ಒಪ್ಪಲಾರೆ. ಬೆಳೆದ ಹಕ್ಕಿಗಳಲ್ಲಿ ಒಂದರ ಜುಟ್ಟು ಕೊಂಬಿನ ಹಾಗೆ, ಇನ್ನೊಂದರದು ಬಾಚದ ತಲೆಯ ಹಾಗೆ ಹಿಂದೆ ಕೆದರಿರುತ್ತದೆ. ಮಕ್ಕಳಿಗೆ ಇದಕ್ಕಿಂತ ಸುಲಭದ ಗುರುತು ಬೇರೆ ಉಂಟಾ?

ಧಾರವಾಡದಿಂದ

ಗಲ್ಲ ಬಿಟ್ಟುಕೊಟ್ಟೆ. ಕಿಬ್ಬೊಟ್ಟೆಯನ್ನೂ ಬಿಡಬೇಕಾಗುತ್ತದೆ ಅಂತ ಕಾಣುತ್ತದೆ. ಆದರೆ ‘ಕೆಂಪು ಬಾಲದಡಿಯ ಪಿಕಳಾರ’ ನಾಲಿಗೆಗೆ ತೊಡಕು. ವೈಜ್ಞಾನಿಕ ಹೆಸರಿನಲ್ಲಿ ಏನಿದೆ? ಅದನ್ನೇ ಕನ್ನಡಕ್ಕೆ ತಂದರೆ ಜಗಳವೇ ಇಲ್ಲವಲ್ಲ.

ತೀರ್ಥಹಳ್ಳಿಯಿಂದ

ಅಲ್ಲಿ ಇನ್ನೂ ದೊಡ್ಡ ತಪ್ಪಿದೆ. ಅದರ ಹೆಸರು ಪಿಕ್ನೊನೋಟಸ್ ಕ್ಯಾಫರ್. 1766ರಲ್ಲಿ ಲಿನೇಯಸ್ ಇಟ್ಟದ್ದು, ಆಫ್ರಿಕಾದ ದಕ್ಷಿಣ ತುದಿಯ ಹಕ್ಕಿ ಅಂದುಕೊಂಡು. ಈ ಹಕ್ಕಿ ಅಲ್ಲಿನದಲ್ಲ. ಆದರೂ ಮೊದಲು ಇಟ್ಟ ಹೆಸರು ಅಂತ ಉಳಿದುಕೊಂಡಿದೆ. ಬುಲ್‌ಬುಲ್ ಅನ್ನುವುದೂ ಪಾರಸಿಯಲ್ಲಿ ಬೇರೆಯೇ ಒಂದು ಹಾಡುಹಕ್ಕಿಯ ಹೆಸರು.

ಜುಟ್ಟಿನ ವಿಷಯದಲ್ಲಿ ಕಾಸರಗೋಡಿನವರ ಮಾತು ಬೆಳೆದ ಹಕ್ಕಿಗೆ ಸರಿ. ನನ್ನ ಹಠ ಮರಿಯ ಫೋಟೋಗೆ ಮಾತ್ರ. ಇನ್ನೊಂದು ಗುರುತೂ ಇದೆ, ಹಿಂದಿನಿಂದ ತೆಗೆದ ಫೋಟೋಗೆ ಬೇಕಾಗುತ್ತದೆ. ಬಾಲದ ತುದಿ ಬಿಳಿಯಾಗಿದ್ದರೆ ಕೆಂಪು ಬಾಲದಡಿಯದು. ನಮ್ಮ ದಕ್ಷಿಣದ ಕೆಮ್ಮೀಸೆಗೆ ಬಾಲದ ತುದಿಯಲ್ಲಿ ಬಿಳಿ ಇರುವುದಿಲ್ಲ.

ಮೈಸೂರಿನಿಂದ

ಎಲ್ಲರಿಗೂ ಧನ್ಯವಾದ. ಮೂರನೇ ಫೋಟೋದ ನಂತರ ತೆಗೆದ ಫೋಟೋಗಳನ್ನು ಇವತ್ತು ಮತ್ತೆ ತೆರೆದೆ. ನಾಲ್ಕು ಫೋಟೋ ಆದಮೇಲೆ ಅದೇ ರೆಂಬೆಗೆ ಉದ್ದ ಜುಟ್ಟಿನ, ಕೆಂಪು ಮಚ್ಚೆಯ ದೊಡ್ಡ ಹಕ್ಕಿ ಬಂದು ಅದರ ಬಾಯಿಗೆ ಗಸಗಸೆ ಹಣ್ಣು ಇಡುತ್ತಿದೆ. ಮರಿಯೇ ಸರಿ.

ಹೀಗೆ ಬರೆದಿದ್ದೇನೆ: ‘ಕೆಮ್ಮೀಸೆ ಪಿಕಳಾರ: ಚೂಪು ಜುಟ್ಟು, ಬಿಳಿ ಎದೆ, ಕಣ್ಣಿನ ಹಿಂದೆ ಕೆಂಪು ಮಚ್ಚೆ. ಬಾಲದಡಿ ಕೆಂಪು. ಮರಿಗೆ ಮಚ್ಚೆ ಇಲ್ಲ.’ ಇನ್ನೊಂದಕ್ಕೆ: ‘ಕೆದರಿದ ಗಿಡ್ಡ ಜುಟ್ಟು, ಹುರುಪೆಯಂಥ ಕಂದು ಎದೆ, ಬಾಲದ ತುದಿ ಬಿಳಿ. ಇದಕ್ಕೂ ಬಾಲದಡಿ ಕೆಂಪು.’

ಎರಡನೆಯದರ ಹೆಸರಿನ ಜಾಗ ಇನ್ನೂ ಖಾಲಿ ಇದೆ. ‘ಕೆಂಬಾಲದಡಿ’ ಅಂತ ಸೇರಿಸಿ ನೋಡಿದೆ, ಬಾಲವೇ ಕೆಂಪು ಅಂತ ಅರ್ಥವಾಗುತ್ತದೆ. ಶುಕ್ರವಾರ ಮುದ್ರಣಕ್ಕೆ ಕೊಡಬೇಕು. ಯಾರಿಗಾದರೂ ನಿಮ್ಮ ಊರಲ್ಲಿ ಹಿರಿಯರು ಈ ಕಪ್ಪು ತಲೆಯ ಹಕ್ಕಿಗೆ ಏನನ್ನುತ್ತಿದ್ದರು ಅಂತ ನೆನಪಿದ್ದರೆ ಅಷ್ಟರೊಳಗೆ ಬರೆಯಿರಿ.