ರೂಟರ್ ಬ್ಯಾಕಪ್ ಫೈಲಿನಲ್ಲಿ ವೈಫೈ ಪಾಸ್‌ವರ್ಡ್ ಹೀಗೆ ಯಾಕೆ ಕಾಣುತ್ತಿದೆ?

ತಿಪಟೂರು ತೋಟ:
ತೋಟದ ಮನೆಯ ರೂಟರ್ ಸಿಡಿಲಿಗೆ ಸುಟ್ಟುಹೋಯಿತು. ಹೊಸದು ಬೇರೆ ಕಂಪನಿಯದು. ಪಂಪ್‌ಸೆಟ್ ಮನೆ ಹತ್ತಿರ ಕಂಬದ ಮೇಲೆ ಮೂರು ಕ್ಯಾಮೆರಾ ಇವೆ. ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಹೊಸ ರೂಟರಿಗೆ ಕೊಟ್ಟರೆ ಏಣಿ ಹಾಕುವುದು ತಪ್ಪುತ್ತದೆ. ಆದರೆ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಹಳೇ ರೂಟರಿನ ಬ್ಯಾಕಪ್ ಫೈಲ್ ಮಾತ್ರ ನನ್ನ ಹತ್ತಿರ ಇದೆ. ನೋಟ್‌ಪ್ಯಾಡ್‌ನಲ್ಲಿ ತೆಗೆದರೆ ಹೀಗಿದೆ:

```
<SSID>Thota_Mane</SSID>
<WpaKey>S29iYXJpQDkA</WpaKey>
```

ಎರಡನೇ ಸಾಲಿನಲ್ಲಿರುವುದನ್ನೇ ಪಾಸ್‌ವರ್ಡ್ ಅಂತ ಕೊಟ್ಟು ನೋಡಿದೆ. ಒಂದು ಕ್ಯಾಮೆರಾನೂ ಬರಲಿಲ್ಲ. ಇದನ್ನು ಓದುವುದು ಹೇಗೆ?

ಗುಬ್ಬಿಯವ:
ಇದಕ್ಕೆಲ್ಲ ಫೈಲ್ ಯಾಕೆ ಅಣ್ಣ? ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಇದನ್ನು ಹೊಡೆಯಿರಿ. `Key Content` ಅಂತ ಇರುವ ಸಾಲಿನಲ್ಲಿ ಪಾಸ್‌ವರ್ಡ್ ಬರುತ್ತದೆ.

```
netsh wlan show profile name="Thota_Mane" key=clear
```

ತಿಪಟೂರು ತೋಟ:
ಲ್ಯಾಪ್‌ಟಾಪ್ ಆ ವೈಫೈಗೆ ಸೇರಿಸಿದ್ದೇ ಇಲ್ಲ ಗುರು, ಮನೆಯಲ್ಲೇ ಇರುತ್ತದೆ. ಸೇರಿಸಿದ್ದ ಫೋನ್ ಎಕ್ಸ್‌ಚೇಂಜ್‌ಗೆ ಹೋಯಿತು. ಅಪ್ಪನದು ಬಟನ್ ಫೋನ್.

ಬಂಗಾರಪೇಟೆ ಬಿಇ:
ಇದು ಹ್ಯಾಶ್. ಪಾಸ್‌ವರ್ಡನ್ನು ಯಾರೂ ಹಾಗೇ ಉಳಿಸುವುದಿಲ್ಲ, ಹ್ಯಾಶ್ ಮಾಡಿ ಉಳಿಸುತ್ತಾರೆ. ಅದನ್ನು ವಾಪಸ್ ತಿರುಗಿಸಲು ಆಗುವುದಿಲ್ಲ. ಕಾಲೇಜಿನಲ್ಲಿ ಇದನ್ನೇ ಹೇಳಿಕೊಟ್ಟಿದ್ದಾರೆ. ಬೇಸ್64 ಇರಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದಾಗಿದ್ದರೆ ಕೊನೆಯಲ್ಲಿ `=` ಇರಬೇಕಿತ್ತು. ಏಣಿ ಹಾಕಿಬಿಡಿ ಸರ್.

ಶ್ರೀನಿವಾಸಪುರ ಫೈಬರ್:
ಏಣಿ ಸ್ವಲ್ಪ ಪಕ್ಕಕ್ಕಿಡಿ. ಪಾಸ್‌ವರ್ಡನ್ನು ನಾನು ಓದಿಯಾಯಿತು. ಅದರಲ್ಲಿ ನಿಮ್ಮೂರಿನ ಕೊಬ್ಬರಿ ಇದೆ. ಅಂದರೆ ನೀವು ಆ ಸಾಲು ಇಲ್ಲಿ ಹಾಕಿದ್ದು ಪಾಸ್‌ವರ್ಡನ್ನೇ ಬರೆದು ಹಾಕಿದ ಹಾಗೆ. ಸದ್ಯಕ್ಕೆ ಗಾಬರಿ ಬೇಡ, ಅದನ್ನು ಬಳಸಲು ತೋಟದ ಹತ್ತಿರ ಬರಬೇಕು. ಕ್ಯಾಮೆರಾ ಕೆಲಸ ಮುಗಿದ ಮೇಲೆ ಬದಲಿಸಿಬಿಡಿ.

ಬಿಇ ತಮ್ಮ, ನೀನು ಹೇಳಿದ್ದು ರೂಟರ್ ಒಳಗೆ ಹೋಗುವ ಲಾಗಿನ್ ಪಾಸ್‌ವರ್ಡಿಗೆ ಸರಿ. ಅಲ್ಲಿ ನಾವು ಟೈಪ್ ಮಾಡಿದ್ದನ್ನು ರೂಟರ್ ಹ್ಯಾಶ್ ಮಾಡಿ ಹೋಲಿಸಿ ನೋಡಿದರೆ ಸಾಕು. ವೈಫೈ ಪಾಸ್‌ವರ್ಡಿನ ಕೆಲಸ ಬೇರೆ. ಫೋನ್ ಸೇರಿಕೊಳ್ಳುವಾಗ ಪಾಸ್‌ವರ್ಡನ್ನು ರೂಟರಿಗೆ ಕಳಿಸುವುದೇ ಇಲ್ಲ. ಇಬ್ಬರೂ ತಮ್ಮ ತಮ್ಮ ಹತ್ತಿರ ಇರುವ ಪಾಸ್‌ವರ್ಡಿನಿಂದ ಒಂದೇ ಕೀ ತಯಾರು ಮಾಡಿಕೊಳ್ಳಬೇಕು. ಹಾಗಾಗಿ ರೂಟರಿಗೆ ಕರೆಂಟ್ ಹೋಗಿ ಬಂದಾಗಲೆಲ್ಲ ಪಾಸ್‌ವರ್ಡ್ ಕೈಗೆ ಸಿಗಬೇಕು, ಇಲ್ಲವೇ ಅದರಿಂದ ಮಾಡಿದ ಕೀ ಆದರೂ ಇರಬೇಕು. ಅದಕ್ಕೇ ಇದನ್ನು ಮರಳಿ ಓದಲು ಆಗುವ ರೂಪದಲ್ಲೇ ಇಟ್ಟಿರುತ್ತಾರೆ. ಕೆಲವರು ಬರೆದದ್ದನ್ನು ಹಾಗೇ ಇಡುತ್ತಾರೆ. ಕೆಲವರು ಬೇಸ್64 ಮಾಡುತ್ತಾರೆ. ಕೆಲವರು ರೂಟರಿನ ಸಾಫ್ಟ್‌ವೇರ್ ಒಳಗೇ ಒಂದು ಕೀ ಇಟ್ಟು ಲಾಕ್ ಮಾಡುತ್ತಾರೆ.

ತೋಟದವರದು ಬೇಸ್64. ಇದು ಬೀಗ ಅಲ್ಲ, ಬರೆಯುವ ರೀತಿ ಅಷ್ಟೇ. ಪಾಸ್‌ವರ್ಡಿನಲ್ಲಿ `&` ಅಥವಾ `<` ಇದ್ದರೆ ಇಂಥ ಫೈಲಿನ ಸಾಲೇ ಕೆಟ್ಟುಹೋಗುತ್ತದೆ. ಬರೀ ಅಕ್ಷರ, ಅಂಕಿ, `+`, `/` ಬಳಸಿ ಬರೆದರೆ ಆ ತೊಂದರೆ ಇರುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಕಣ್ಣಿಗೆ ಬೀಳದಿರಲಿ ಅನ್ನುವುದೂ ಇರಬಹುದು. ಬಿಡಿಸಲು ಯಾವ ಗುಟ್ಟೂ ಬೇಕಿಲ್ಲ. ವಿಂಡೋಸ್‌ನಲ್ಲಿ ಪವರ್‌ಶೆಲ್ ತೆಗೆದು ಇಷ್ಟು ಹಾಕಿ:

```
$p = [Text.Encoding]::ASCII.GetString([Convert]::FromBase64String("S29iYXJpQDkA"))
$p
$p.Length
```

ಬಂಗಾರಪೇಟೆ ಬಿಇ:
ಹಾಗಾದರೆ `=` ಯಾಕಿಲ್ಲ?

ಶ್ರೀನಿವಾಸಪುರ ಫೈಬರ್:
ಮೂರು ಬೈಟಿಗೆ ನಾಲ್ಕು ಅಕ್ಷರ, ಅದೇ ಲೆಕ್ಕ. ಬೈಟುಗಳು ಮೂರರಿಂದ ಸರಿಯಾಗಿ ಭಾಗವಾಗದೇ ಇದ್ದಾಗ ಮಾತ್ರ ಕೊನೆಗೆ `=` ಸೇರಿಸುತ್ತಾರೆ. ಇಲ್ಲಿ 12 ಅಕ್ಷರ ಇವೆ, ಅಂದರೆ 9 ಬೈಟು. ತುಂಬಿಸುವುದಕ್ಕೆ ಏನೂ ಉಳಿದಿಲ್ಲ. `=` ಕಂಡರೆ ಬೇಸ್64 ಅಂತ ಅನುಮಾನಪಡಬಹುದು. ಕಾಣದೇ ಇದ್ದರೆ ಅಲ್ಲ ಅಂತ ಹೇಳಲು ಆಗುವುದಿಲ್ಲ.

ತಿಪಟೂರು ತೋಟ:
ಬಂತು ಸರ್! `Kobari@9`. ಅಣ್ಣ ಇಟ್ಟಿದ್ದು, ಈಗ ನೆನಪಾಯಿತು. ಆದರೆ ಉದ್ದ 9 ಅಂತ ತೋರಿಸುತ್ತಿದೆ. ನಾನು ಎಣಿಸಿದರೆ ಎಂಟೇ ಇದೆ.

ಶ್ರೀನಿವಾಸಪುರ ಫೈಬರ್:
ಉದ್ದ ನೋಡಿ ಅಂದಿದ್ದು ಅದಕ್ಕೇ. ಲಿನಕ್ಸ್ ಇರುವವರು ಹೀಗೆ ನೋಡಿದರೆ ಕಣ್ಣಿಗೇ ಕಾಣುತ್ತದೆ:

```
$ echo 'S29iYXJpQDkA' | base64 -d | xxd
00000000: 4b6f 6261 7269 4039 00                   Kobari@9.
```

ಕೊನೆಯ `00` ನೋಡಿ. ರೂಟರಿನ ಸಾಫ್ಟ್‌ವೇರಿನಲ್ಲಿ ಪದ ಮುಗಿಯಿತು ಅನ್ನಲು ಒಂದು ಸೊನ್ನೆ ಬೈಟು ಇಡುತ್ತಾರೆ. ಕೆಲವು ರೂಟರುಗಳು ಅದನ್ನೂ ಸೇರಿಸಿಯೇ ಬೇಸ್64 ಮಾಡಿಬಿಡುತ್ತವೆ. ನಾನು ನೋಡಿರುವ ಎಷ್ಟೋ ಫೈಲುಗಳಲ್ಲಿ `admin` ಅನ್ನುವ ಪದ `YWRtaW4A` ಅಂತ ಇರುತ್ತದೆ. ಅಲ್ಲೂ ಕೊನೆಯ `A` ಆ ಸೊನ್ನೆಯದೇ ಬಾಲ. ಪರದೆಯಲ್ಲಿ ಇದು ಕಾಣುವುದಿಲ್ಲ, ಆದರೆ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಕೆಲವು ಕಡೆ ಜೊತೆಗೇ ಬರುತ್ತದೆ. ಆಮೇಲೆ ಪಾಸ್‌ವರ್ಡ್ ತಪ್ಪು ಅಂತ ತಲೆ ಕೆರೆದುಕೊಳ್ಳಬೇಕು. ಪೇಸ್ಟ್ ಮಾಡಬೇಡಿ, ಕೈಯಲ್ಲಿ ಎಂಟು ಅಕ್ಷರ ಟೈಪ್ ಮಾಡಿ.

ಚಿಂತಾಮಣಿ ಟ್ಯೂಷನ್ ಮೇಡಂ:
ನಡುವೆ ನನ್ನದೂ ಒಂದು ಕೇಳುತ್ತೇನೆ. ನನ್ನ ಬ್ಯಾಕಪ್ ಫೈಲಿನ ಹೆಸರು `config.bin`. ನೋಟ್‌ಪ್ಯಾಡ್‌ನಲ್ಲಿ ತೆಗೆದರೆ ಬರೀ ಚೌಕ, ವಿಚಿತ್ರ ಚಿಹ್ನೆ. ವೈಫೈ ಹೆಸರೂ ಸಿಗುತ್ತಿಲ್ಲ. ಆನ್‌ಲೈನ್‌ನಲ್ಲಿ ಡಿಕೋಡ್ ಮಾಡುವ ಜಾಗಕ್ಕೆ ಫೈಲ್ ಹಾಕಿದರೆ ಆಗುತ್ತದಾ?

ಶ್ರೀನಿವಾಸಪುರ ಫೈಬರ್:
ದಯವಿಟ್ಟು ಹಾಕಬೇಡಿ ಮೇಡಂ. ಅದೇ ಫೈಲಿನಲ್ಲಿ ನಿಮ್ಮ ಇಂಟರ್ನೆಟ್ ಕನೆಕ್ಷನ್ನಿನ ಯೂಸರ್‌ನೇಮ್, ಪಾಸ್‌ವರ್ಡ್, ರೂಟರಿನ ಲಾಗಿನ್ ಎಲ್ಲಾ ಇರುತ್ತದೆ. ವೈಫೈ ಪಾಸ್‌ವರ್ಡ್ ಬಳಸಲು ಮನೆ ಹತ್ತಿರ ಬರಬೇಕು, ಉಳಿದವಕ್ಕೆ ಹಾಗೇನಿಲ್ಲ.

ನಿಮ್ಮದು ತೋಟದವರ ಕೇಸ್ ಅಲ್ಲ. ಅವರದರಲ್ಲಿ ಒಂದು ಸಾಲು ಮಾತ್ರ ಬೇರೆ ರೂಪದಲ್ಲಿದೆ. ನಿಮ್ಮದರಲ್ಲಿ ಇಡೀ ಫೈಲೇ ಕುಗ್ಗಿಸಿದ್ದೋ, ಲಾಕ್ ಆಗಿರುವುದೋ ಆಗಿರಬೇಕು. ಪವರ್‌ಶೆಲ್‌ನಲ್ಲಿ `Format-Hex config.bin` ಅಂತ ಕೊಟ್ಟು ಮೊದಲ ಎರಡು ಬೈಟು ನೋಡಿ. `1F 8B` ಇದ್ದರೆ ಅದು ಸುಮ್ನೆ ಜಿಜಿಪ್ ಮಾಡಿದ ಫೈಲ್. 7-ಜಿಪ್‌ನಲ್ಲಿ ಬಿಚ್ಚಬಹುದು. ಓಪನ್‌ಡಬ್ಲ್ಯುಆರ್‌ಟಿ ಬ್ಯಾಕಪ್ ಹಾಗೇ ಇರುತ್ತದೆ, ಒಳಗೆ `etc/config/wireless` ಫೈಲಿನಲ್ಲಿ `option key` ಮುಂದೆ ಪಾಸ್‌ವರ್ಡ್ ನೇರವಾಗಿ ಬರೆದಿರುತ್ತದೆ.

ಚಿಂತಾಮಣಿ ಟ್ಯೂಷನ್ ಮೇಡಂ:
`1F 8B` ಇಲ್ಲ. ಬೇರೆ ಏನೋ ಇದೆ.

ಗುಬ್ಬಿಯವ:
ರೂಟರ್‌ಪಾಸ್‌ವ್ಯೂ ಅಂತ ಒಂದು ಪುಟ್ಟ ಸಾಫ್ಟ್‌ವೇರ್ ಇದೆ ಮೇಡಂ, ನಿರ್‌ಸಾಫ್ಟ್‌ದು. ನಮ್ಮ ಅಂಗಡಿಯಲ್ಲಿ ಹಳೇ ಟಿಪಿ-ಲಿಂಕ್ ಫೈಲುಗಳನ್ನು ಅದರಲ್ಲೇ ತೆಗೆಯುತ್ತೇವೆ. ಆಂಟಿವೈರಸ್ ಕಿರುಚುತ್ತದೆ, ಪಾಸ್‌ವರ್ಡ್ ತೋರಿಸುವ ಸಾಫ್ಟ್‌ವೇರ್ ಅಂದರೆ ಅದಕ್ಕೆ ಅಲರ್ಜಿ.

ಶ್ರೀನಿವಾಸಪುರ ಫೈಬರ್:
ಇದು ಒಳ್ಳೆ ಸಲಹೆ. ಹಳೇ ಟಿಪಿ-ಲಿಂಕ್ ಮಾಡೆಲುಗಳಲ್ಲಿ ಎಷ್ಟೋ ರೂಟರಿಗೆ ಲಾಕ್ ತೆಗೆಯುವ ಕೀ ಒಂದೇ ಇತ್ತು, ಅದು ಎಂದೋ ಹೊರಗೆ ಬಂತು. ಅದಕ್ಕೇ ಅಂಥ ಸಾಫ್ಟ್‌ವೇರ್ ಕೆಲಸ ಮಾಡುತ್ತದೆ. ಹೊಸ ಮಾಡೆಲ್ ಆದರೆ ಗ್ಯಾರಂಟಿ ಇಲ್ಲ. ಆಂಟಿವೈರಸ್ ಆಫ್ ಮಾಡಿ ಸಿಕ್ಕಸಿಕ್ಕ ಕಡೆಯಿಂದ ಇಳಿಸಬೇಡಿ, ಮಾಡಿದವರ ಜಾಗದಿಂದಲೇ ಇಳಿಸಿ.

ಬಂಗಾರಪೇಟೆ ಬಿಇ:
ಆಯಿತು ಅಣ್ಣ, ಒಪ್ಪಿದೆ. ಆದರೆ ನಮ್ಮ ರೂಮಿನ ಲಿನಕ್ಸ್ ಫೈಲಿನಲ್ಲಿ `psk=` ಮುಂದೆ 64 ಅಕ್ಷರ ಇದೆ, ಬರೀ 0ಯಿಂದ 9, aಯಿಂದ f. ಅದು ಹ್ಯಾಶೇ ಅಲ್ವಾ?

ಶ್ರೀನಿವಾಸಪುರ ಫೈಬರ್:
ಅಲ್ಲಿ ನಿನ್ನ ಮಾತು ನಿಲ್ಲುತ್ತದೆ. ಅದೇ ನಾನು ಹೇಳಿದ ತಯಾರಾದ ಕೀ. ಪಾಸ್‌ವರ್ಡಿಗೆ ವೈಫೈ ಹೆಸರನ್ನೂ ಬೆರೆಸಿ 4096 ಸುತ್ತು ಅರೆದರೆ 256 ಬಿಟ್ ಬರುತ್ತದೆ, ಬರೆದರೆ 64 ಅಕ್ಷರ. ಅದರಿಂದ ಪಾಸ್‌ವರ್ಡ್ ವಾಪಸ್ ಬರುವುದಿಲ್ಲ, ಊಹಿಸಿ ಊಹಿಸಿ ನೋಡಬೇಕಷ್ಟೇ. ಕೆಲವು ರೂಟರ್ ಫೈಲಿನಲ್ಲೂ ಇದು ಸಿಗುತ್ತದೆ.

ಮಜಾ ಏನೆಂದರೆ ತೋಟದವರಂಥ ಕೆಲಸಕ್ಕೆ ಪಾಸ್‌ವರ್ಡೇ ಬೇಕಿಲ್ಲ. ಎಷ್ಟೋ ರೂಟರುಗಳ ಪಾಸ್‌ವರ್ಡ್ ಜಾಗ ಡಬ್ಲ್ಯುಪಿಎ2ನಲ್ಲಿ 8ರಿಂದ 63 ಅಕ್ಷರ ತಗೊಳ್ಳುತ್ತದೆ, ಸರಿಯಾಗಿ 64 ಹೆಕ್ಸ್ ಅಕ್ಷರ ಕೊಟ್ಟರೆ ಅದನ್ನೇ ಕೀ ಅಂತ ಒಪ್ಪುತ್ತದೆ. ವೈಫೈ ಹೆಸರು ಮೊದಲಿನದೇ ಇದ್ದರೆ ಹಳೇ ಸಾಮಾನುಗಳು ಗೊತ್ತೇ ಆಗದ ಹಾಗೆ ಸೇರಿಕೊಳ್ಳುತ್ತವೆ. ಹೆಸರು ಒಂದಕ್ಷರ ಬದಲಾದರೂ ಕೀ ಬೇರೆಯಾಗುತ್ತದೆ. ಡಬ್ಲ್ಯುಪಿಎ3ಯಲ್ಲಿ ಈ ದಾರಿ ಇಲ್ಲ, ಅಲ್ಲಿ ನಿಜವಾದ ಪಾಸ್‌ವರ್ಡೇ ಬೇಕು.

ತಿಪಟೂರು ತೋಟ:
ಹೊಸ ರೂಟರಿಗೆ ಪಾಸ್‌ವರ್ಡ್ ಹಾಕಿದೆ. ಆದರೂ ಕ್ಯಾಮೆರಾ ಬರುತ್ತಿಲ್ಲ. ಫೋನ್ ಮಾತ್ರ ಚೆನ್ನಾಗಿ ಸೇರಿಕೊಂಡಿತು.

ಶ್ರೀನಿವಾಸಪುರ ಫೈಬರ್:
ಫೋನ್ ಸೇರಿದೆ ಅಂದರೆ ಪಾಸ್‌ವರ್ಡಿನ ಟೈಪಿಂಗ್ ಸರಿ ಇದೆ ಅಂತ ಮಾತ್ರ. ಹೊಸ ರೂಟರಿನಲ್ಲಿ ಮೂರು ನೋಡಿ. ಹೆಸರು `Thota_Mane` ಅಂತಲೇ ಇದೆಯಾ, ದೊಡ್ಡಕ್ಷರ ಸಣ್ಣಕ್ಷರ ಸಮೇತ? 2.4 ಗಿಗಾಹರ್ಟ್ಸ್ ಆನ್ ಇದೆಯಾ? ಇಂಥ ಕ್ಯಾಮೆರಾಗಳು ಜಾಸ್ತಿ ಅದರಲ್ಲೇ ಕೆಲಸ ಮಾಡುವುದು. ಭದ್ರತೆ ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಎರಡೂ ಸೇರಿಸಿದ್ದು ಅಂತ ಇದ್ದರೆ ಬರೀ ಡಬ್ಲ್ಯುಪಿಎ2 ಮಾಡಿ. ಹಳೇ ಕ್ಯಾಮೆರಾಗಳಲ್ಲಿ ಕೆಲವು ಮಿಕ್ಸ್ ಕಂಡರೆ ಮುನಿಸಿಕೊಳ್ಳುತ್ತವೆ.

ತಿಪಟೂರು ತೋಟ:
ಮೂರನೆಯದೇ ಕಾರಣ ಸರ್. ಬರೀ ಡಬ್ಲ್ಯುಪಿಎ2 ಮಾಡಿದ ಮೇಲೆ ಎರಡು ಬಂದವು. ಒಂದು ಇನ್ನೂ ಬಂದಿಲ್ಲ, ಅದರ ಲೈಟೂ ಉರಿಯುತ್ತಿಲ್ಲ.

ಗುಬ್ಬಿಯವ:
ಲೈಟೇ ಇಲ್ಲ ಅಂದರೆ ಅದಕ್ಕೆ ಪಾಸ್‌ವರ್ಡ್ ಏನು ಮಾಡೀತು ಅಣ್ಣ? ಅಡಾಪ್ಟರಿಗೂ ಸಿಡಿಲು ತಗುಲಿರಬೇಕು. ಕೆಳಗೆ ಬಾಕ್ಸ್‌ನಲ್ಲಿ ಅಡಾಪ್ಟರ್ ಇದ್ದರೆ ಮೊದಲು ಅದನ್ನು ಬದಲಿಸಿ ನೋಡಿ.

ಚಿಂತಾಮಣಿ ಟ್ಯೂಷನ್ ಮೇಡಂ:
ರೂಟರ್‌ಪಾಸ್‌ವ್ಯೂನಲ್ಲಿ ಹಾಕಿದೆ, ಖಾಲಿ ಬಂತು. ನನ್ನ ರೂಟರ್ ಆನ್ ಆಗುವುದಿಲ್ಲ, ಇಲ್ಲದಿದ್ದರೆ ಅದಕ್ಕೇ ಹಾಕಿ ನೋಡುತ್ತಿದ್ದೆ. ಅದೇ ಮಾಡೆಲ್ ಸೆಕೆಂಡ್ ಹ್ಯಾಂಡ್ ತಂದು ಈ ಫೈಲ್ ರಿಸ್ಟೋರ್ ಮಾಡಿದರೆ?

ಶ್ರೀನಿವಾಸಪುರ ಫೈಬರ್:
ಕೀ ಆ ಮಾಡೆಲಿಗೆಲ್ಲ ಒಂದೇ ಆಗಿದ್ದರೆ ಆಗುತ್ತದೆ. ರಿಸ್ಟೋರ್ ಆದ ಮೇಲೆ ವೈರ್‌ಲೆಸ್ ಪುಟದಲ್ಲಿ ಕಣ್ಣಿನ ಗುರುತು ಒತ್ತಿದರೆ ಪಾಸ್‌ವರ್ಡ್ ಕಾಣುತ್ತದೆ. ಲಾಗಿನ್ ಪಾಸ್‌ವರ್ಡೂ ಹಳೆಯದಕ್ಕೆ ಬದಲಾಗುತ್ತದೆ, ಅದು ಗೊತ್ತಿರಬೇಕು. ಕೆಲವು ಮಾಡೆಲುಗಳಲ್ಲಿ ಕೀ ಒಂದೊಂದು ಪೀಸಿಗೂ ಬೇರೆ, ಅಂಥದ್ದಾದರೆ ಫೈಲ್ ಸರಿಯಿಲ್ಲ ಅಂತ ವಾಪಸ್ ತಳ್ಳುತ್ತದೆ. ನಿಮ್ಮ ಮಾಡೆಲ್ ನಂಬರ್, ತಳದಲ್ಲಿರುವ ಹಾರ್ಡ್‌ವೇರ್ ವರ್ಷನ್ ಎರಡನ್ನೂ ಹಾಕಿ. ದುಡ್ಡು ಕೊಡುವ ಮೊದಲು ಆ ವರ್ಷನ್ ಎರಡರಲ್ಲೂ ಒಂದೇ ಇದೆಯಾ ಅಂತ ನೋಡಿಕೊಳ್ಳಿ. ಸ್ಟಿಕ್ಕರಿನ ಫೋಟೋ ಮಾತ್ರ ಹಾಕಬೇಡಿ, ಅದರಲ್ಲಿ ಮೊದಲ ಪಾಸ್‌ವರ್ಡ್ ಅಚ್ಚಾಗಿರುತ್ತದೆ.